ಫ್ಲ್ಯಾಶಿನಲ್ಲಿ ಕಂಡ ಬಿಳಿ

ನನ್ನ ಅತ್ತೆ ಬೆಳ್ತಂಗಡಿಯ ನನ್ನ ಪಾರ್ಲರಿನ ಮೆಟ್ಟಿಲು ಹತ್ತಿದ್ದು ಒಂದೇ ಸಲ. ಹುಬ್ಬು ಕೀಳುವ ಅಂಗಡಿ ಎಂದು ಅದನ್ನು ಕರೆಯುತ್ತಿದ್ದ ಅವರು, ಸೊಸೆ ಅಲ್ಲಿ ಏನು ಮಾಡುತ್ತಾಳೆಂದು ಎಂದೂ ಬಂದು ನೋಡಿದವರಲ್ಲ. ಆ ದಿನ ಮಧ್ಯಾಹ್ನ ಲಾಯಿಲದ ಮನೆಯಿಂದ ನಡೆದೇ ಬಂದಿದ್ದರು. ಏದುಸಿರು ಬಿಡುತ್ತಾ ಬೆಂಚಿನ ಮೇಲೆ ಕುಳಿತು, ಗಿರಾಕಿ ಯಾರೂ ಇಲ್ಲವೆಂದು ಖಚಿತವಾದ ಮೇಲೆ ಸೆರಗಿನ ಒಳಗಿನಿಂದ ಎರಡು ಫೋಟೋ ತೆಗೆದು ನನ್ನ ಕೈಗೆ ಕೊಟ್ಟರು.

ಎರಡರಲ್ಲೂ ಇದ್ದವಳು ನನ್ನ ನಾದಿನಿ. ಹಿಂದಿನ ತಿಂಗಳು ನಡೆದ ಅವಳ ನಿಶ್ಚಿತಾರ್ಥಕ್ಕೆ ಸಿಂಗಾರ ಮಾಡಿದವಳು ನಾನೇ. ಕನ್ನಡಿಯಲ್ಲಿ ಆ ಮುಖ ಎಷ್ಟು ಚಂದ ಕಂಡಿತ್ತೆಂದರೆ ನನ್ನ ಕೈಗೆ ನಾನೇ ದೃಷ್ಟಿ ತೆಗೆಯಬೇಕು ಅನಿಸಿತ್ತು. ಫೋಟೋದಲ್ಲಿ ಇದ್ದದ್ದು ಬೇರೆ ಮುಖ. ಎರಡೂ ಕಣ್ಣುಗಳ ಕೆಳಗೆ, ಮೂಗಿನ ಮೇಲೆ, ಮೇಲ್ದುಟಿಯ ಸುತ್ತ, ಗಲ್ಲದ ತುದಿಯಲ್ಲಿ ಬೆಳ್ಳಗೆ ಬಿಳಿ. ಉಳಿದ ಕೆನ್ನೆ ಗೋಧಿ ಬಣ್ಣ, ಕುತ್ತಿಗೆಯೂ ಹಾಗೆಯೇ. ಕಣ್ಣುಗಳು ಆ ಬಿಳಿಯ ನಡುವೆ ಒಳಗೆ ಹೂತುಹೋದಂತಿದ್ದವು.

ನನಗೆ ಹೊಳೆದದ್ದು ಸಿಂಗಾರ ಕೆಟ್ಟಿದೆ ಎಂಬುದು ಮಾತ್ರ. ಅತ್ತೆಗೆ ಬೇರೆಯದೇ ಗೊತ್ತಿತ್ತು. ಅವರು ದನಿ ತಗ್ಗಿಸಿ, ಗಂಡಿನ ಕಡೆಯವರು ಇದನ್ನು ಯಾರ ಕೈಯಲ್ಲೋ ಕಳಿಸಿಕೊಟ್ಟು ಒಂದು ಮಾತು ಕೇಳಿದ್ದಾರೆ ಎಂದರು. ಹುಡುಗಿಗೆ ‘ಬಿಳಿ’ ಉಂಟಾ ಎಂದು.

ನಮ್ಮ ಕಡೆ ತೊನ್ನು ಎಂಬ ಶಬ್ದವನ್ನು ಮನೆಯೊಳಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅದು ಕೇಳಿಸಿಕೊಂಡು ಬಂದುಬಿಡುತ್ತದೆ ಎಂಬ ಹಾಗೆ ‘ಅದು’ ಅನ್ನುತ್ತಾರೆ, ಹೆಚ್ಚೆಂದರೆ ‘ಬಿಳಿ’ ಅನ್ನುತ್ತಾರೆ. ಅದು ಅಂಟುವ ರೋಗವಲ್ಲ, ನೋವಿಲ್ಲ, ಯಾರ ತಪ್ಪೂ ಅಲ್ಲ. ಆದರೂ ಒಂದು ಮನೆಯಲ್ಲಿ ಒಬ್ಬಳಿಗೆ ಉಂಟು ಎಂದು ಸುದ್ದಿ ಹರಡಿದರೆ ಆ ಮನೆಯ ಹೆಣ್ಣುಗಳನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಊರ ಬಾಯಿಗೆ ಹಾಕುವ ಬೀಗವನ್ನು ಯಾವ ಆಚಾರಿಯೂ ಮಾಡಿಲ್ಲ. ಅತ್ತೆ ಬಿಸಿಲಿನಲ್ಲಿ ನಡೆದೇ ಬಂದದ್ದು ಅದಕ್ಕೆ.

ತೊಂಬತ್ತರ ದಶಕದ ಕೊನೆ ಅದು, ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲ. ತೆಗೆದ ಕೂಡಲೇ ಹಿಂದೆ ತಿರುಗಿಸಿ ನೋಡುವ ಸೌಕರ್ಯ ಇರಲಿಲ್ಲ. ರೀಲು ಮುಗಿಯಬೇಕು, ಮಂಗಳೂರಿನ ಲ್ಯಾಬಿಗೆ ಹೋಗಬೇಕು, ತೊಳೆದು ಪ್ರಿಂಟಾಗಿ ಬರಬೇಕು. ಅಷ್ಟರಲ್ಲಿ ಹಾಕಿದ ಬಣ್ಣ ತೊಳೆದು ಹೋಗಿ, ಉಟ್ಟ ಸೀರೆ ಮಡಿಚಿ ಪೆಟ್ಟಿಗೆ ಸೇರಿರುತ್ತಿತ್ತು. ತಪ್ಪು ಕಾಣುವುದು ತಿದ್ದುವ ಅವಕಾಶ ಕಳೆದ ಮೇಲೆಯೇ. ಹಾಗಾಗಿ ನಾನು ಮಾಡಿದ ಪ್ರತಿ ಮದುಮಗಳ ಒಂದೆರಡು ಫೋಟೋ ಬೇಡಿ ತಂದು ನೋಡುವ ಅಭ್ಯಾಸ ಇಟ್ಟುಕೊಂಡಿದ್ದೆ. ಮೊದಲು ದವಡೆಯ ಗೆರೆ: ಮುಖದ ಬಣ್ಣ, ಕಿವಿಯ ಬಣ್ಣ, ಕುತ್ತಿಗೆಯ ಬಣ್ಣ ಮೂರೂ ಒಂದೇ ಮನೆಯವುಗಳಂತೆ ಇವೆಯಾ. ಆಮೇಲೆ ಕೂದಲಿನ ಬುಡ ಮತ್ತು ಕೆನ್ನೆ: ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಜಾಗ ತೋರುತ್ತದಾ. ಕೊನೆಗೆ ಫೋಟೋವನ್ನು ಕೈ ಚಾಚಿ ದೂರ ಹಿಡಿದು, ಕಣ್ಣು ಮೊದಲು ಕಾಣುತ್ತದಾ ಬಿಂದಿ ಮೊದಲು ಕಾಣುತ್ತದಾ ಎಂದು. ಕಣ್ಣು ಮೊದಲು ಕಾಣದಿದ್ದರೆ ಆ ಕೆಲಸಕ್ಕೆ ನನ್ನ ಮಾರ್ಕು ಇಲ್ಲ.

ನಾದಿನಿಯ ಫೋಟೋವನ್ನೂ ಹಾಗೆಯೇ ನೋಡಲು ಕಿಟಕಿಗೆ ಒಯ್ದೆ. ದವಡೆಯಲ್ಲಿ ಗೆರೆ ಕಾಣಲಿಲ್ಲ, ಕೂದಲಿನ ಬುಡವೂ ಸರಿಯಿತ್ತು. ಕಣ್ಣು ಮಾತ್ರ ಪೂರಾ ಸೋತಿತ್ತು. ನಾಟಕದವರ ಹಾಗೆ ಮಾಡಬೇಡ ಎಂದು ಅತ್ತೆ ಹೇಳಿದ್ದರಿಂದ ನಾನು ಕಾಡಿಗೆಯನ್ನು ತೆಳುವಾಗಿ ಎಳೆದಿದ್ದೆ, ಫ್ಲ್ಯಾಶು ಅದನ್ನು ನುಂಗಿಹಾಕಿತ್ತು. ಕೆಳಗಿನ ಬಿಳಿ ಮಾತ್ರ ಗಿರಾಕಿಯನ್ನು ಕರೆಯುವ ಅಂಗಡಿಯ ಬೋರ್ಡಿನ ಹಾಗೆ ಎದ್ದು ನಿಂತಿತ್ತು. ಅದು ಇದ್ದದ್ದು ನಾನು ಎರಡನೇ ಸಲ ಒತ್ತಿ ಹಚ್ಚಿದ ಜಾಗಗಳಲ್ಲೇ. ಕಣ್ಣಿನ ಕೆಳಗಿನ ಕಪ್ಪು ಮುಚ್ಚಲು, ಮೂಗು ಬೆವರದಿರಲು, ತುಟಿಯ ಮೇಲೆ, ಗಲ್ಲದಲ್ಲಿ ಹನಿಯೊಡೆಯದಿರಲು.

ಹಚ್ಚಿದ್ದು ಯಾವುದು ಎಂಬುದು ನೆನಪಾದಾಗ ಇನ್ನಷ್ಟು ಹೆದರಿಕೆಯಾಯಿತು. ಅದು ನನ್ನ ಡಬ್ಬಿಯದಲ್ಲ. ಹುಡುಗ ದುಬೈಯಲ್ಲಿದ್ದ. ರಜೆ ಸಿಗದೆ ನಿಶ್ಚಿತಾರ್ಥಕ್ಕೆ ಬಂದಿರಲಿಲ್ಲ, ಬದಲಿಗೆ ಅವನ ಕಡೆಯಿಂದ ಒಂದು ಮೇಕಪ್ ಪೆಟ್ಟಿಗೆ ಬಂದಿತ್ತು. ಗಲ್ಫಿನವರ ಸಂಬಂಧದಲ್ಲಿ ಆಗ ಅದೊಂದು ಪದ್ಧತಿಯೇ ಆಗಿತ್ತು. ಒಳಗೆ ಸೆಂಟು, ಲಿಪ್‌ಸ್ಟಿಕ್ಕು, ಚಂದದ ಕನ್ನಡಿಯ ಪೌಡರು, ಬಿಸಿಲು ತಡೆಯುತ್ತದೆ ಎಂದು ಬರೆದಿದ್ದ ಒಂದು ಫೌಂಡೇಶನ್ ಟ್ಯೂಬು. ಬಣ್ಣ ಅವಳಿಗೆ ಎರಡು ಮೆಟ್ಟಿಲು ಹೆಚ್ಚು ಬಿಳಿ. ಇದು ಬೇಡ ಎಂದು ನಾನು ಮೆಲ್ಲಗೆ ಹೇಳಿದ್ದೆ. ಹುಡುಗ ಕಳಿಸಿದ್ದನ್ನು ಹಚ್ಚದೆ ಅವನಿಗೇ ಫೋಟೋ ಕಳಿಸುವುದಾ ಎಂದು ಮನೆಯವರೆಲ್ಲ ಬಾಯಿ ಮಾಡಿದರು. ನಾನು ಅದನ್ನು ನನ್ನ ಗಾಢ ಬಣ್ಣದ ಪ್ಯಾನ್‌ಕೇಕ್ ಮೇಕಪ್ಪಿನ ಜೊತೆ ಅಂಗೈಯಲ್ಲಿ ಕಲಸಿ, ಕುತ್ತಿಗೆಗೆ ಹೊಂದುವ ತನಕ ಹದ ಮಾಡಿ ಮುಖಕ್ಕೆ ಹಚ್ಚಿದ್ದೆ. ಆಮೇಲೆ ಕಣ್ಣಿನ ಕೆಳಗೆ, ಮೂಗಿಗೆ, ತುಟಿಯ ಮೇಲೆ, ಗಲ್ಲಕ್ಕೆ ಮಾತ್ರ ಟ್ಯೂಬಿನದನ್ನೇ ತೆಳುವಾಗಿ ಒತ್ತಿ, ಮೇಲೆ ಅದೇ ಪೆಟ್ಟಿಗೆಯ ಪೌಡರು ಕೂರಿಸಿದ್ದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಒಂದು ಚುಕ್ಕೆಯೂ ಕಾಣಲಿಲ್ಲ.

ಅತ್ತೆಗೆ ಇಷ್ಟೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಇದನ್ನು ಅವರು ನಂಬುತ್ತಾರಾ ಎಂದು ಕೇಳಿದರು. ಗಂಡಿನ ಅಕ್ಕ ಹೇಳಿ ಕಳಿಸಿದ ಇನ್ನೊಂದು ಮಾತೂ ಇತ್ತು, ಅತ್ತೆ ಅದನ್ನು ಕೊನೆಗೆ ಉಸುರಿದರು. ಮನೆಯವರದ್ದೇ ಪಾರ್ಲರ್ ಇರುವವರಿಗೆ ಮುಚ್ಚುವುದು ಎಷ್ಟರ ಕೆಲಸ, ಅಂದಿದ್ದಳಂತೆ.

ಆ ಮಾತು ನನಗೆ ನಾಟಿತು. ನಾನು ಅಂಥದ್ದನ್ನು ಮುಚ್ಚಿದವಳೇ ಹೌದು. ನನ್ನ ತವರು ಬಂಟ್ವಾಳದ ಕಡೆಯ ಒಬ್ಬ ಮದುಮಗಳ ಮಣಿಕಟ್ಟಿನ ಕಲೆಗಳನ್ನು ಎರಡೂ ಮನೆಯವರಿಗೆ ಗೊತ್ತಿದ್ದೇ, ಫೋಟೋಕ್ಕಾಗಿ ಮರೆಮಾಡಿ ಕೊಟ್ಟಿದ್ದೆ. ಅದರ ಸುದ್ದಿ ಬಸ್ಸು ಹತ್ತಿ ಎಲ್ಲಿಯವರೆಗೆ ಹೋಗಿತ್ತೋ. ಈಗ ನನ್ನ ಕಸುಬೇ ನನ್ನ ನಾದಿನಿಯ ಮೇಲೆ ಸಾಕ್ಷಿ ಹೇಳುತ್ತಿತ್ತು. ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ, ವಾದ ಮಾಡಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಗಂಡಿನ ಮನೆ ಮಿಜಾರಿನಲ್ಲಿ. ಭಾನುವಾರ ಹುಡುಗಿಯನ್ನು ಕರೆದುಕೊಂಡು ಬನ್ನಿ, ಹೆಂಗಸರು ಹೆಂಗಸರೇ ನೋಡಿ ಮುಗಿಸುವ ಎಂದು ಹೇಳಿ ಕಳಿಸಿದ್ದರು. ಫೋಟೋಗಳು ಇನ್ನೂ ದುಬೈಗೆ ಹೋಗಿರಲಿಲ್ಲ. ಆ ಕಡೆಗೆ ಹೊರಟಿದ್ದ ನೆಂಟನೊಬ್ಬ ಸೋಮವಾರ ಆಲ್ಬಮ್ ತೆಗೆದುಕೊಂಡು ಹೋಗುವುದಿತ್ತು. ಹೋಗುವುದು ಆಲ್ಬಮ್ಮೋ ಅಥವಾ ಸಂಬಂಧ ಬೇಡವೆಂಬ ಮಾತೋ, ಅದು ಭಾನುವಾರ ತೀರ್ಮಾನವಾಗಬೇಕು. ನನ್ನ ಗಂಡ ಮುಂಬೈಯ ಹೋಟೆಲಿನಲ್ಲಿ ಕೆಲಸದಲ್ಲಿದ್ದರು, ಮಾವ ತೀರಿಹೋಗಿ ವರ್ಷಗಳಾಗಿದ್ದವು. ಇದ್ದದ್ದು ನಾವು ಮೂವರು ಹೆಂಗಸರು.

ನಾದಿನಿಗೆ ಹೇಳದೆ ಇರಲು ಆಗಲಿಲ್ಲ. ಅವಳು ಫೋಟೋವನ್ನು ನೋಡಿದಳು, ಅಳಲಿಲ್ಲ. ಅದನ್ನು ಹಿಡಿದುಕೊಂಡು ಹೋಗಿ ಅಂಗಳದ ಬಿಸಿಲಿನಲ್ಲಿ ನಿಂತು, ಸಣ್ಣ ಕನ್ನಡಿಯಲ್ಲಿ ಕಣ್ಣಿನ ಕೆಳಗೆ ಚರ್ಮ ಎಳೆದು ಎಳೆದು ನೋಡಿದಳು. ಏನೂ ಇರಲಿಲ್ಲ. ನಾನೂ ನೋಡಿದೆ, ಏನೂ ಇರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಏಳುತ್ತಲೇ ಬಂದು ಮುಖ ಮೇಲೆತ್ತಿ ನಿಂತಳು, ಇವತ್ತು ಉಂಟಾ ನೋಡಿ ಅತ್ತಿಗೆ ಎಂದು. ಅದರ ಮರುದಿನವೂ ಬಂದಳು. ನನಗೆ ಸಿಟ್ಟು ಬಂತು. ನಿನಗೆ ನಿನ್ನ ಮುಖಕ್ಕಿಂತ ಆ ಕಾಗದದ ಮೇಲೆ ನಂಬಿಕೆಯಾ ಎಂದು ಗದರಿದೆ. ಗದರಿದವಳೇ ಅವಳು ಅತ್ತ ಹೋದ ಮೇಲೆ ಫೋಟೋವನ್ನು ಮತ್ತೆ ತೆಗೆದು ನೋಡಿದೆ, ಯಾಕೆಂದರೆ ಹೆದರಿಕೆ ನನ್ನನ್ನೂ ಹೊಕ್ಕಿತ್ತು.

ಸುಮ್ಮನೆ ಕೂರಲು ಆಗದೆ, ಆ ಟ್ಯೂಬು, ಪೌಡರು ಚೀಲಕ್ಕೆ ಹಾಕಿಕೊಂಡು, ವೇಣೂರಿನ ಮೇಲೆ ಹೋಗುವ ಬಸ್ಸು ಹಿಡಿದು ಮೂಡಬಿದಿರೆಗೆ ಹೋದೆ. ನಿಶ್ಚಿತಾರ್ಥದ ಫೋಟೋ ತೆಗೆದವರ ಸ್ಟುಡಿಯೋ ಅಲ್ಲಿತ್ತು. ಗಂಡಿನ ಕಡೆಯವರು ಗೊತ್ತು ಮಾಡಿದ್ದವರು ಅವರು, ಹಾಗಾಗಿ ನೆಗೆಟಿವ್ ಕೇಳಿದರೆ ಆ ಮನೆಯವರ ಅಪ್ಪಣೆ ಇಲ್ಲದೆ ತೋರಿಸಲಾಗದು ಎಂದರು. ಒಳ್ಳೆಯ ಮನುಷ್ಯ, ಆದರೆ ಅವರಿಗೂ ಹೆದರಿಕೆ: ಸಂಬಂಧ ಮುರಿದರೆ ನಿಮ್ಮ ಫೋಟೋದಿಂದ ಎಂದು ನಾಳೆ ಯಾರಾದರೂ ಅಂದರೆ. ಒಂದು ಉಪಕಾರ ಮಾಡಿ, ನನ್ನ ಕೈಯ ಫೋಟೋ ತೆಗೆಯಿರಿ ಎಂದು ಕೇಳಿಕೊಂಡೆ. ಅವರು ನನ್ನನ್ನು ಒಂದು ಥರ ನೋಡಿದರು.

ನನ್ನ ಮೊಣಕೈ ಕೆಳಗೆ ಎರಡು ಪಟ್ಟಿ ಹಚ್ಚಿಕೊಂಡೆ. ಒಂದು ನನ್ನ ಪ್ಯಾನ್‌ಕೇಕಿನದು. ಇನ್ನೊಂದು ದುಬೈ ಟ್ಯೂಬಿನದು, ನಾದಿನಿಯ ಕಣ್ಣಿನ ಕೆಳಗೆ ಮಾಡಿದ ಹಾಗೆಯೇ: ನನ್ನ ಚರ್ಮದ ಬಣ್ಣಕ್ಕೆ ಹೊಂದುವಂತೆ ಕಲಸಿದ್ದರ ಮೇಲೆ ಟ್ಯೂಬಿನದನ್ನೇ ತೆಳುವಾಗಿ ಒತ್ತಿ, ಆ ಪೆಟ್ಟಿಗೆಯ ಪೌಡರು ಕೂರಿಸಿ. ಕೋಣೆಯ ಬೆಳಕಿನಲ್ಲಿ ಅವರಿಗೆ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಫ್ಲ್ಯಾಶನ್ನು ಕ್ಯಾಮೆರಾದ ತಲೆಯ ಮೇಲೇ ಇಟ್ಟು, ಆ ದಿನ ತೆಗೆದ ಹಾಗೆಯೇ ನೇರ ಹೊಡೆದು ಒಂದು ತೆಗೆದರು. ಫ್ಲ್ಯಾಶ್ ಇಲ್ಲದೆ ಬಾಗಿಲ ಬಳಿ ಒಂದು ತೆಗೆದರು. ರೀಲಿನಲ್ಲಿ ಉಳಿದದ್ದನ್ನು ಬೀದಿಯಲ್ಲಿ ಹೋಗುತ್ತಿದ್ದ ದನಗಳ ಮೇಲೆ ಮುಗಿಸಿ ಲ್ಯಾಬಿಗೆ ಕಳಿಸಿದರು.

ಶನಿವಾರ ಪ್ರಿಂಟು ಸಿಕ್ಕಿತು. ಬಾಗಿಲ ಬಳಿಯದರಲ್ಲಿ ಕೈ ಪೂರ್ತಿ ಒಂದೇ ಬಣ್ಣ. ಫ್ಲ್ಯಾಶಿನದರಲ್ಲಿ ಪ್ಯಾನ್‌ಕೇಕಿನ ಪಟ್ಟಿ ಎಲ್ಲಿದೆಯೆಂದು ಹುಡುಕಬೇಕು, ಟ್ಯೂಬಿನ ಪಟ್ಟಿ ಸುಣ್ಣ ಬಳಿದ ಹಾಗೆ. ಬಿಸಿಲು ತಡೆಯಲು ಅಂಥ ಟ್ಯೂಬುಗಳಿಗೆ ಸೇರಿಸುವ ಬಿಳಿಪುಡಿ ನೇರವಾಗಿ ಬಿದ್ದ ಬೆಳಕನ್ನು ಕ್ಯಾಮೆರಾದ ಕಡೆಗೇ ವಾಪಸು ಎಸೆಯುತ್ತದೆ ಎಂದು ನಾನು ಕಲಿತದ್ದು ವರ್ಷಗಳ ನಂತರ, ಮಂಗಳೂರಿನ ಒಂದು ತರಬೇತಿಯಲ್ಲಿ. ಆ ದಿನ ಕಾರಣ ಗೊತ್ತಿರಲಿಲ್ಲ, ಕಣ್ಣಿಗೆ ಕಂಡದ್ದಷ್ಟೇ ಗೊತ್ತಿತ್ತು. ಬಸ್ಸಿನಲ್ಲಿ ಆ ಪ್ರಿಂಟನ್ನು ಎದೆಗೆ ಒತ್ತಿಕೊಂಡು ಕುಳಿತೆ. ಗೆದ್ದೆ ಅಂದುಕೊಂಡಿದ್ದೆ.

ಭಾನುವಾರ ನಾದಿನಿ ಮುಖಕ್ಕೆ ಏನನ್ನೂ, ಕಾಡಿಗೆಯನ್ನೂ ಸಹ, ಹಚ್ಚದೆ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತಳು. ಅತ್ತೆ ಇಬ್ಬರ ನಡುವೆ ಕುಳಿತು ಯಾವ್ಯಾವುದೋ ದೈವಗಳಿಗೆ ಹರಕೆ ಹೇಳುತ್ತಿದ್ದರು.

ಮಿಜಾರಿನ ಮನೆಯಲ್ಲಿ ಗಂಡಿನ ತಾಯಿ ಮತ್ತು ಅಕ್ಕ ಇದ್ದರು. ಬೆಲ್ಲ ನೀರು ಕೊಟ್ಟು ಉಪಚರಿಸಿದರು, ಮಾತಿನಲ್ಲಿ ಕಡಿಮೆ ಮಾಡಲಿಲ್ಲ. ಉಪಚಾರ ಮುಗಿದ ಮೇಲೆ ಅಕ್ಕ ಸಾಬೂನು, ಟವೆಲು ತಂದಳು. ಮದುವೆಯಾಗಿ ಪಕ್ಕದ ಊರಿನಲ್ಲೇ ಇದ್ದ ಅವಳು ತಮ್ಮನ ವಿಷಯದಲ್ಲಿ ತಾಯಿಗಿಂತ ಒಂದು ಕೈ ಮುಂದೆ. ನಾದಿನಿಯನ್ನು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋಗಿ ಬಾವಿಕಟ್ಟೆಯ ಬಳಿ ನಿಲ್ಲಿಸಿದಳು. ಕೊಡದಿಂದ ನೀರು ಸುರಿದು ತಾನೇ ಸಾಬೂನು ಹಚ್ಚಿ ಉಜ್ಜಿದಳು. ಹುಡುಗಿ ಕಣ್ಣು ಮುಚ್ಚಿ ಎರಡೂ ಕೈ ಕೆಳಗೆ ಬಿಟ್ಟು ನಿಂತಿದ್ದಳು. ಸಂತೆಯಲ್ಲಿ ಹಲ್ಲು ನೋಡಿಸಿಕೊಳ್ಳುವ ಎತ್ತಿನ ಹಾಗೆ ನಿಂತಿದ್ದಾಳಲ್ಲ ಎಂದು ನಾನು ಒಂದು ಹೆಜ್ಜೆ ಮುಂದೆ ಹೋದೆ. ಅತ್ತೆ ನನ್ನ ಸೀರೆಯ ಚುಂಗು ಹಿಡಿದುಕೊಂಡಿದ್ದರು, ಎಲ್ಲಿ ನಾನು ಬಾಯಿ ತೆರೆಯುತ್ತೇನೋ ಎಂದು.

ಟವೆಲಿನಿಂದ ಒರೆಸಿದ ಮುಖ ಉಜ್ಜಿದ್ದಕ್ಕೆ ಕೆಂಪಾಗಿತ್ತು. ಬಿಳಿ ಇರಲಿಲ್ಲ. ಅತ್ತೆ ನನ್ನ ಚುಂಗು ಬಿಟ್ಟರು. ನಾನು ಚೀಲದಿಂದ ನನ್ನ ಕೈಯ ಫೋಟೋಗಳನ್ನು ತೆಗೆದು, ಟ್ಯೂಬಿನ ಕತೆ ಹೇಳಿ, ಜಗಲಿಯ ಮೇಲೆ ಇಟ್ಟೆ. ಅಕ್ಕ ಅವನ್ನು ಎತ್ತಿಕೊಳ್ಳಲೂ ಇಲ್ಲ.

“ನಿಮ್ಮ ಕೈ, ನಿಮ್ಮ ಬಣ್ಣ, ನೀವು ಹೇಳಿ ತೆಗೆಸಿದ ಫೋಟೋ. ಅದರಲ್ಲಿ ಎಂತ ಗೊತ್ತಾಗ್ತದೆ?” ಎಂದಳು. ಆಮೇಲೆ ದನಿ ತಗ್ಗಿಸಿ, “ಈಗ ಇಲ್ಲ ಅಂತ ನಾನೂ ಹೇಳ್ತೇನೆ. ಆದ್ರೆ ಕಣ್ಣಿಗೆ ಕಾಣುವ ಮೊದಲೇ ಕ್ಯಾಮೆರಾಕ್ಕೆ ಕಾಣ್ತದಂತೆ. ಬರುವುದು ಉಂಟಾದ್ರೆ ಒಳಗೆ ಇರ್ತದಂತೆ” ಎಂದಳು.

ನಾನು ತಯಾರು ಮಾಡಿಕೊಂಡು ಹೋದ ಯಾವ ಮಾತೂ ಇದಕ್ಕೆ ಹೊಂದುತ್ತಿರಲಿಲ್ಲ. ಇರುವುದನ್ನು ಇಲ್ಲ ಎಂದು ತೋರಿಸಬಹುದು, ಇಲ್ಲದ್ದನ್ನು ಇಲ್ಲ ಎಂದೂ ತೋರಿಸಬಹುದು. ಮುಂದೆ ಬರಲಿಕ್ಕಿರುವುದನ್ನು ಇಲ್ಲ ಎಂದು ತೋರಿಸುವುದು ಹೇಗೆ? ಅವಳು ಕೆಟ್ಟವಳಾಗಿ ಹೇಳಿದ್ದಲ್ಲ, ನಿಜವಾಗಿ ಹೆದರಿಯೇ ಹೇಳಿದ್ದು. ಅದಕ್ಕೇ ಆ ಮಾತು ಅಲ್ಲಿದ್ದ ಎಲ್ಲರಿಗೂ ಹಿಡಿಯಿತು. ನಾದಿನಿಯ ಕೈ ತಾನಾಗಿ ಕಣ್ಣಿನ ಕೆಳಗೆ ಹೋಯಿತು. ಮುಗಿಯಿತು ಅಂದುಕೊಂಡೆ.

ಏನೂ ತೋಚದೆ, ಆಲ್ಬಮ್ಮನ್ನಾದರೂ ಒಮ್ಮೆ ನೋಡಬಹುದಾ ಎಂದು ಕೇಳಿದೆ. ನಮಗೆ ಅವರು ಕಳಿಸಿದ್ದು ಎರಡೇ ಫೋಟೋ, ಉಳಿದವನ್ನು ನಾನು ಕಂಡಿರಲಿಲ್ಲ. ಗಂಡಿನ ತಾಯಿ ಒಳಗಿನಿಂದ ತಂದು ಕೊಟ್ಟರು. ಚಾವಡಿಯ ಬಾಗಿಲಿಗೆ, ಬೆಳಕು ಬೀಳುವಲ್ಲಿಗೆ ಸರಿದು ಕುಳಿತು ಪುಟ ತಿರುವಿದೆ. ಕಣ್ಣು ತನ್ನ ಅಭ್ಯಾಸ ಬಿಡಲಿಲ್ಲ. ದವಡೆ, ಕಿವಿ, ಕುತ್ತಿಗೆ, ಕಣ್ಣು.

ಅಂಗಳದಲ್ಲಿ ತುಳಸಿಕಟ್ಟೆಯ ಎದುರು ಫ್ಲ್ಯಾಶ್ ಇಲ್ಲದೆ ತೆಗೆದದ್ದೊಂದಿತ್ತು. ಅದರಲ್ಲಿ ಮುಖ ಹದವಾಗಿ ಒಂದೇ ಬಣ್ಣ. ಅದನ್ನು ತೋರಿಸಿದೆ. ದೂರದಿಂದ ತೆಗೆದದ್ದು, ಗೊತ್ತಾಗುವುದಿಲ್ಲ ಎಂದಳು ಅಕ್ಕ. ಗುಂಪಿನ ಫೋಟೋಗಳಲ್ಲಿ ಬಿಳಿ ಇತ್ತು, ಸ್ವಲ್ಪ ಮಾಸಲು. ದೂರ ಹೋದಷ್ಟೂ ಫ್ಲ್ಯಾಶಿನ ಬಲ ಕಡಿಮೆ, ಅದು ಸಹಜ. ಆಮೇಲೆ ಒಂದು ಪುಟದಲ್ಲಿ ನನ್ನ ಬೆರಳು ನಿಂತಿತು. ಅಕ್ಕ ನನ್ನ ನಾದಿನಿಗೆ ಮಲ್ಲಿಗೆ ಮುಡಿಸುವ ಫೋಟೋ, ತೀರಾ ಹತ್ತಿರದಿಂದ ತೆಗೆದದ್ದು. ಹುಡುಗಿ ತಲೆ ತಗ್ಗಿಸಿದ್ದಳು, ಮುಖ ಅರ್ಧ ಕಾಣುತ್ತಿತ್ತು. ಅಕ್ಕನ ಮುಖ ಪೂರ್ತಿ ಕ್ಯಾಮೆರಾದ ಕಡೆಗಿತ್ತು. ಅವಳ ಕಣ್ಣಿನ ಕೆಳಗೆ, ಮೂಗಿನ ಎರಡೂ ಬದಿಗೆ, ಗಲ್ಲಕ್ಕೆ, ಅದೇ ಬಿಳಿ.

ತಿಂಗಳಿಡೀ ಅವರು ಈ ಆಲ್ಬಮ್ಮನ್ನು ನೋಡಿದ್ದರು. ಇದನ್ನು ಯಾರೂ ನೋಡಿರಲಿಲ್ಲ. ಮದುವೆ ನಿಶ್ಚಯವಾದ ಹುಡುಗಿಯ ಮುಖ ಇರುವ ಫೋಟೋದಲ್ಲಿ ಬೇರೆ ಮುಖವನ್ನು ಯಾರು ನೋಡುತ್ತಾರೆ? ಅಕ್ಕ ಕೂಡ ತನ್ನನ್ನು ತಾನು ನೋಡಿಕೊಂಡಿರಲಿಲ್ಲ.

ಖುಷಿಯಾಗಬೇಕಿತ್ತು. ಆದದ್ದು ಹೆದರಿಕೆ. ನಿಮಗೂ ಉಂಟು ನೋಡಿ ಎಂದು ಗಂಡಿನ ಅಕ್ಕನಿಗೆ ಅವಳ ತವರಿನಲ್ಲೇ ಕುಳಿತು ಹೇಳುವುದು ಹೇಗೆ? ಹೇಳಿದರೆ ನ್ಯಾಯ ಸಿಗಬಹುದು, ಸಂಬಂಧ ಉಳಿಯುತ್ತದಾ? ಕೊನೆಗೆ ನಾನು ಅವಳ ಮುಖ ನೋಡದೆ, ಫೋಟೋ ನೋಡುತ್ತಲೇ ಕೇಳಿದೆ.

“ಅಕ್ಕ, ಆ ದಿನ ನೀವು ಮುಖಕ್ಕೆ ಎಂತ ಹಚ್ಚಿದ್ದಿರಿ?”

“ತಮ್ಮ ಕಳಿಸಿದ್ದು. ನನಗೊಂದು, ಇವಳಿಗೊಂದು ಪೆಟ್ಟಿಗೆ ಕಳಿಸಿದ್ದ. ಯಾಕೆ?”

ನಾನು ಆಲ್ಬಮ್ಮನ್ನು ಗಂಡಿನ ತಾಯಿಯ ಕಡೆಗೆ ತಿರುಗಿಸಿದೆ. ಅವರು ಕನ್ನಡಕ ತರಿಸಿಕೊಂಡು ಹಾಕಿ, ಫೋಟೋವನ್ನು ಹತ್ತಿರ ಹಿಡಿದು ನೋಡಿದರು. ಮೊದಲು ಹುಡುಗಿಯನ್ನೇ ನೋಡುತ್ತಿದ್ದರು. ನೋಟ ಪಕ್ಕಕ್ಕೆ ಸರಿಯಿತು. ಅಲ್ಲಿಯೇ ನಿಂತಿತು. ಅವರು ತಲೆ ಎತ್ತಿ ಮಗಳ ನಿಜವಾದ ಮುಖವನ್ನು ತುಂಬ ಹೊತ್ತು ನೋಡಿದರು. ಅಕ್ಕ ಬಂದು ಬಗ್ಗಿದಳು. ಅವಳ ಬೆರಳು ತನ್ನ ಮೂಗಿನ ಬದಿಗೆ ಹೋದದ್ದನ್ನು ಕಂಡೆ. ಸ್ವಲ್ಪ ಮೊದಲು ನನ್ನ ನಾದಿನಿಯ ಕೈ ಹೋದ ಹಾಗೆಯೇ.

“ಹಾಗಾದ್ರೆ ನಿನಗೂ ಬರ್ಲಿಕ್ಕೆ ಉಂಟಾ?” ಎಂದು ತಾಯಿ ಕೇಳಿದರು. ತಮಾಷೆಗೆ ಅಲ್ಲ.

ಅಕ್ಕ ಜಗಲಿಯ ಮೇಲೆ ಬಿದ್ದಿದ್ದ ನನ್ನ ಕೈಯ ಫೋಟೋವನ್ನು ಎತ್ತಿಕೊಂಡು, ಆ ಸುಣ್ಣದ ಪಟ್ಟಿಯನ್ನು ಈಗ ಸರಿಯಾಗಿ ನೋಡಿದಳು. ಅವಳ ಮೇಲೆ ಇದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾನು ಟ್ಯೂಬಿನ ವಿಷಯ ಮೊದಲಿನಿಂದ ಇನ್ನೊಮ್ಮೆ ಹೇಳಿದೆ. ಈ ಸಲ ಅವಳು ಒಂದೊಂದು ಮಾತಿಗೂ ತಲೆಯಾಡಿಸಿದಳು. ನಂಬಲೇಬೇಕಾದವಳಂತೆ ನಂಬಿದಳು.

ಆ ಮನೆಯಲ್ಲಿ ಆಮೇಲೆ ‘ಬಿಳಿ’ ಎಂಬ ಮಾತು ಬರಲಿಲ್ಲ. ಊಟ ಮಾಡಿಯೇ ಹೋಗಬೇಕೆಂದು ಹಟ ಹಿಡಿದರು. ಸೋಮವಾರ ಆಲ್ಬಮ್ ದುಬೈಗೆ ಹೋಯಿತು. ಮಲ್ಲಿಗೆ ಮುಡಿಸುವ ಫೋಟೋ ಅದರಲ್ಲಿ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಹುಬ್ಬು ಕೀಳುವ ಅಂಗಡಿ ಎಂದು ಆಮೇಲೆ ಯಾವತ್ತೂ ಅನ್ನಲಿಲ್ಲ.

ಮದುವೆಗೆ ನಾನು ಯಾವ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಮೊದಲೇ ಒಂದು ದಿನ ನಾದಿನಿಯನ್ನು ಮೂಡಬಿದಿರೆಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ, ಪೂರ್ತಿ ಮೇಕಪ್ ಮಾಡಿ, ನೇರ ಫ್ಲ್ಯಾಶಿನಲ್ಲಿ ಫೋಟೋ ತೆಗೆಸಿದೆ. ಆಮೇಲೆ ಮಾಡಿದ ಎಲ್ಲ ಮದುಮಕ್ಕಳಿಗೂ ಅದನ್ನೇ ಪದ್ಧತಿ ಮಾಡಿಕೊಂಡೆ. ಆ ದಿನ ಬಣ್ಣವನ್ನು ಕೈಗೆ ಹಚ್ಚಿ ನೋಡಿ ಆರಿಸದೆ ಕುತ್ತಿಗೆಗೆ ಹಚ್ಚಿ ಆರಿಸಿದ್ದೆ. ಕಿವಿಯ ಹಿಂದಕ್ಕೆ, ರವಿಕೆಯ ಅಂಚಿನ ತನಕ ಎಳೆದು ಬೆರೆಸಿದ್ದೆ. ಪೌಡರು ಹಳದಿ ಛಾಯೆಯದು, ಹಾಕಿದ್ದಕ್ಕಿಂತ ಹೆಚ್ಚು ಬ್ರಶ್ಶಿನಿಂದ ಕೊಡವಿ ತೆಗೆದದ್ದು. ರೆಪ್ಪೆಯ ಬುಡಕ್ಕೆ ಕಪ್ಪನ್ನು ದಪ್ಪ ಎಳೆದು, ಮೇಲಿನ ಮಡಿಕೆಗೆ ಕಂದು ತುಂಬಿ, ಕನ್ನಡಿಯಲ್ಲಿ ತುಸು ಹೆಚ್ಚೇ ಆಯಿತು ಅನಿಸುವಲ್ಲಿಗೆ ನಿಲ್ಲಿಸಿದ್ದೆ. ಈ ಸಲ ಅತ್ತೆ ನಾಟಕದ ಮಾತೆತ್ತಲಿಲ್ಲ.

ಪ್ರಿಂಟು ಬಂತು. ಕೈ ಚಾಚಿ ಹಿಡಿದೆ. ಕಣ್ಣು ಮೊದಲು ಕಂಡಿತು. ಮುಖ, ಕಿವಿ, ಕುತ್ತಿಗೆ ಒಂದೇ. ಬಿಳಿ ಎಲ್ಲೂ ಇಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೆಲಸ ಮಾಡಿರಲಿಲ್ಲ. ಹೆಮ್ಮೆಯಿಂದ ಅವಳ ಕೈಗೆ ಕೊಟ್ಟು ಹೇಗುಂಟು ಎಂದು ಕೇಳಿದೆ. ಅವಳು ಅದನ್ನು ಕಿಟಕಿಗೆ ಒಯ್ದು, ನಾನು ನೋಡುವ ಹಾಗೆಯೇ, ಕಣ್ಣಿನ ಕೆಳಗೆ ತುಂಬ ಹೊತ್ತು ನೋಡಿದಳು.

“ಚಂದ ಉಂಟು ಅತ್ತಿಗೆ. ಆದ್ರೆ ಅಡಿಯಲ್ಲಿ ಎಂತ ಉಂಟು ಅಂತ ಇದರಲ್ಲಿ ಗೊತ್ತಾಗುವುದಿಲ್ಲ” ಎಂದಳು.

ನಾನು ಏನೇನೋ ಹೇಳಿ ನಗಿಸಲು ನೋಡಿದೆ. ಅವಳು ನಕ್ಕಳೂ ಕೂಡ.

ಮದುವೆಯ ದಿನ ಬೆಳಿಗ್ಗೆ, ಮಿಂದು ಬಂದವಳನ್ನು ಕೂರಿಸಿ ನಾನು ಡಬ್ಬಿ ತೆರೆಯುತ್ತಿದ್ದಾಗ, ಅವಳು ನನ್ನ ಕೈ ತಡೆದು ಫೋಟೋಗ್ರಾಫರನ್ನು ಒಳಗೆ ಕರೆಸಿದಳು. ಹೀಗೆಯೇ ಒಂದು ತೆಗೆಯಿರಿ, ಫ್ಲ್ಯಾಶ್ ನೇರ ಹೊಡೆದು, ಎಂದಳು. ಕೂದಲಿನಿಂದ ನೀರು ಇಳಿಯುತ್ತಿತ್ತು, ಹಣೆಯಲ್ಲಿ ಬಿಂದಿಯೂ ಇರಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ತೆಗೆಯಿರಿ ಎಂದು ಸನ್ನೆ ಮಾಡಿದೆ. ಮದುವೆಯ ರೀಲಿನ ಮೊದಲ ಫೋಟೋ ಅದು.

ಪ್ರಿಂಟಿನಲ್ಲಿ ಬಿಳಿ ಎಲ್ಲೂ ಇರಲಿಲ್ಲ. ಅದು ಆಲ್ಬಮ್ಮಿಗೆ ಹೋಗಲಿಲ್ಲ. ಗಂಡನ ಹತ್ತಿರ ದುಬೈಗೆ ಹೊರಟಾಗ ಅವಳು ಅದನ್ನು ಪಾಸ್‌ಪೋರ್ಟಿನ ರಟ್ಟಿನೊಳಗೆ ಸೇರಿಸಿಡುವುದನ್ನು ನಾನು ನೋಡಿದೆ. ಮದುವೆಯ ಇಷ್ಟೆಲ್ಲ ಚಂದದ ಫೋಟೋ ಇರುವಾಗ ಇದು ಯಾಕೆ ಮಾರಾಯ್ತಿ ಎಂದೆ.

ಅವಳು ರಟ್ಟನ್ನು ಒತ್ತಿ ಮುಚ್ಚಿದಳು.

“ಬೇಕಾದೀತು ಅತ್ತಿಗೆ” ಎಂದಳು.